ದಸರಾ 2025: ರೂಮಿನ ಬಾಡಿಗೆ, ಕನಿಷ್ಠ ಎಷ್ಟು ರಾತ್ರಿ – ಈ ಹಿಂದೆ ನಮ್ಮಲ್ಲಿ ಉಳಿದವರಿಗೆ

ಮೈಸೂರು, 12 ಜುಲೈ 2025

ನಮಸ್ಕಾರ,

ಈ ಸಲ ದಸರಾ ಸೆಪ್ಟೆಂಬರ್ 22ರ ಸೋಮವಾರ ಶುರುವಾಗಿ ಅಕ್ಟೋಬರ್ 2ರ ಗುರುವಾರ ಜಂಬೂಸವಾರಿಯೊಂದಿಗೆ ಮುಗಿಯುತ್ತದೆ. ಒಟ್ಟು ಹನ್ನೊಂದು ದಿನ. ಆಯುಧಪೂಜೆ 1ನೇ ತಾರೀಖು ಬುಧವಾರ. ಗಾಂಧಿ ಜಯಂತಿಯೂ ವಿಜಯದಶಮಿಯೂ ಒಂದೇ ದಿನ ಬಂದಿವೆ. ಶುಕ್ರವಾರ ಒಂದು ರಜೆ ಹಾಕಿದರೆ ಭಾನುವಾರದವರೆಗೂ ಬಿಡುವು, ಹಾಗಾಗಿ ಹಬ್ಬ ಮುಗಿದ ಮೇಲೂ ಊರು ಖಾಲಿಯಾಗುವುದಿಲ್ಲ. ಹೊಸಬರಿಗೆ ಆಗಸ್ಟ್ 10ರ ನಂತರವೇ ಬುಕಿಂಗ್ ತೆರೆಯುತ್ತೇವೆ. ಅಲ್ಲಿಯವರೆಗೆ ನಾಲ್ಕೂ ರೂಮು ನಿಮಗೇ ಮೀಸಲು.

ಒಂದು ರಾತ್ರಿಯ ಬಾಡಿಗೆ, ತಿಂಡಿ ಸೇರಿ, ಹೀಗಿದೆ. ಮೊದಲನೆಯದು ಇಬ್ಬರ ರೂಮು, ಎರಡನೆಯದು ಮಹಡಿಯ ನಾಲ್ವರ ರೂಮು.

ಮಾಮೂಲಿ ದಿನ: ರೂ. 2,200 / 3,400
ಸೆಪ್ಟೆಂಬರ್ 22ರಿಂದ 25: ರೂ. 2,600 / 4,000
ಸೆಪ್ಟೆಂಬರ್ 26ರಿಂದ 29: ರೂ. 3,000 / 4,600
ಸೆಪ್ಟೆಂಬರ್ 30, ಅಕ್ಟೋಬರ್ 1, 2: ರೂ. 4,200 / 6,400
ಅಕ್ಟೋಬರ್ 3, 4: ರೂ. 3,000 / 4,600

5ರ ಭಾನುವಾರ ರಾತ್ರಿಯಿಂದ ಮತ್ತೆ ಮಾಮೂಲಿ ದರ. ತಾರೀಖು ಅಂದರೆ ಆ ದಿನದ ರಾತ್ರಿ ಎಂದು ಓದಿಕೊಳ್ಳಿ. ಪ್ರತಿ ವರ್ಷ ಇಲ್ಲೇ ಗೊಂದಲವಾಗುತ್ತದೆ: "30ರಿಂದ 2" ಎಂದರೆ ಕೆಲವರಿಗೆ ಎರಡು ರಾತ್ರಿ, ಕೆಲವರಿಗೆ ಮೂರು. ಮೆಸೇಜ್ ಹಾಕುವಾಗ ಬರುವ ದಿನ, ಹೊರಡುವ ದಿನ ಎರಡನ್ನೂ ಬರೆದುಬಿಡಿ.

ಹಳಬರಿಗೆ ಶೇ 10 ರಿಯಾಯಿತಿ ಎಂದಿನಂತೆ ಇದೆ, ಆದರೆ 30, 1, 2ರ ಮೂರು ರಾತ್ರಿಗೆ ಇಲ್ಲ. ಆ ಮೂರು ದಿನ ತಾತ್ಕಾಲಿಕವಾಗಿ ಬರುವ ಇಬ್ಬರು ಕೆಲಸದವರಿಗೆ ದುಪ್ಪಟ್ಟು ಕೂಲಿ ಕೊಡಬೇಕು, ಲಾಂಡ್ರಿಯವರು ಒಂದು ಸೆಟ್ಟಿಗೆ 60 ರೂಪಾಯಿ ಬದಲು 90 ಕೇಳುತ್ತಾರೆ, ಹೂವು ತರಕಾರಿ ಬೆಲೆ ನಿಮಗೇ ಗೊತ್ತು. ಖರ್ಚಷ್ಟೇ ಕಾರಣ ಅಂದರೆ ಅದು ಪೂರ್ತಿ ನಿಜವಲ್ಲ. ಮಳೆಗಾಲದಲ್ಲಿ ಖಾಲಿ ಬಿದ್ದ ರೂಮುಗಳ ಲೆಕ್ಕವನ್ನೂ ಈ ಹಬ್ಬದ ದಿನಗಳಲ್ಲೇ ಸರಿದೂಗಿಸಿಕೊಳ್ಳುತ್ತೇವೆ. ರಿಯಾಯಿತಿಯ ಬದಲಿಗೆ ಆ ಮೂರು ರಾತ್ರಿ ಹಳಬರಿಗೆ ಒಂದು ಹೆಚ್ಚುವರಿ ಹಾಸಿಗೆ ಉಚಿತ. ಹಬ್ಬದ ಉಳಿದ ದಿನಗಳಲ್ಲಿ ಅದಕ್ಕೆ 600 ರೂಪಾಯಿ. ಆರು ವರ್ಷದೊಳಗಿನ ಮಕ್ಕಳಿಗೆ ಏನೂ ಕೊಡಬೇಕಿಲ್ಲ.

ಇನ್ನು ಕನಿಷ್ಠ ರಾತ್ರಿಗಳು. 22ರಿಂದ 29ರವರೆಗೆ ಕನಿಷ್ಠ ಎರಡು ರಾತ್ರಿ. 30, 1, 2ರಲ್ಲಿ ಯಾವುದೇ ಒಂದು ರಾತ್ರಿ ನಿಮ್ಮ ವಾಸ್ತವ್ಯದಲ್ಲಿ ಸೇರಿದ್ದರೂ ಒಟ್ಟು ಕನಿಷ್ಠ ಮೂರು ರಾತ್ರಿ. 3 ಮತ್ತು 4ನೇ ತಾರೀಖು ಮಾತ್ರವಾದರೆ ಒಂದೇ ರಾತ್ರಿಯೂ ಸರಿ.

"ನಮಗೆ ಜಂಬೂಸವಾರಿಯ ಹಿಂದಿನ ರಾತ್ರಿ ಒಂದು ಸಾಕು" ಎಂಬುದು ಎಲ್ಲರಿಗಿಂತ ಹೆಚ್ಚು ಕೇಳಿಬರುವ ಮಾತು. ತಪ್ಪೇನಿಲ್ಲ. ಆದರೆ ಒಂದು ರೂಮಿನಲ್ಲಿ 1ರ ರಾತ್ರಿ ಮಾತ್ರ ಒಬ್ಬರು ಹಿಡಿದರೆ ಅದರ ಎರಡೂ ಪಕ್ಕದ ರಾತ್ರಿ ಒಂಟಿಯಾಗಿ ಉಳಿಯುತ್ತವೆ. ಊರಿಂದೂರಿಗೆ ಬರುವ ಕುಟುಂಬಗಳು ಒಂಟಿ ರಾತ್ರಿ ಕೇಳುವುದೇ ಇಲ್ಲ. ಇನ್ನೊಂದು ತೊಂದರೆ ಅದಕ್ಕಿಂತ ದೊಡ್ಡದು: 2ರಂದು ಬೆಳಿಗ್ಗೆ ಒಬ್ಬರು ಖಾಲಿ ಮಾಡಿ ಮಧ್ಯಾಹ್ನ ಇನ್ನೊಬ್ಬರು ಬರಬೇಕು, ಆದರೆ ಅದೇ ದಿನ ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು ಐದು ಕಿ.ಮೀ. ದಾರಿಗೆ ಬ್ಯಾರಿಕೇಡ್ ಬಿದ್ದಿರುತ್ತದೆ. ಕೆಲಸದವರು ಸಮಯಕ್ಕೆ ಬರುವುದಿಲ್ಲ, ಬಟ್ಟೆ ತೊಳೆದು ವಾಪಸ್ ಬರುವುದಿಲ್ಲ. ನೀವು ಬಂದಾಗ ಒದ್ದೆ ನೆಲ, ಹಾಸದ ಮಂಚ.

ಲೆಕ್ಕ ಒಮ್ಮೆ ನೋಡಿ. ಇಬ್ಬರ ರೂಮು, 30ರಂದು ಬಂದು 3ರಂದು ಹೊರಟರೆ 4,200ರಂತೆ ಮೂರು ರಾತ್ರಿ: 12,600. ಒಂದು ದಿನ ಮೊದಲೇ 29ರಂದು ಬಂದು 2ರ ಬೆಳಿಗ್ಗೆ ಖಾಲಿ ಮಾಡಿದರೆ 29ಕ್ಕೆ ರಿಯಾಯಿತಿ ಕಳೆದು 2,700, ಜೊತೆಗೆ 4,200ರ ಎರಡು: 11,100. ಉಳಿತಾಯ 1,500, ಮೆರವಣಿಗೆಯೂ ತಪ್ಪುವುದಿಲ್ಲ. ಬೆಳಿಗ್ಗೆ 10ಕ್ಕೆ ರೂಮು ಬಿಟ್ಟು ಲಗೇಜನ್ನು ಕೆಳಗಿನ ಹಾಲಿನಲ್ಲಿಡಿ. ರಾತ್ರಿ 9ರವರೆಗೆ ಇರಲಿ. ಆದರೆ ಬನ್ನಿಮಂಟಪದ ಪಂಜಿನ ಕವಾಯತು ನೋಡಲೇಬೇಕು ಅನ್ನುವವರಿಗೆ ಈ ಲೆಕ್ಕ ಒಗ್ಗುವುದಿಲ್ಲ. ಅದು ಮುಗಿದ ಮೇಲೆ ಆ ಜನಜಂಗುಳಿಯಲ್ಲಿ ಕಾರು ಹೊರತೆಗೆದು ಬೆಂಗಳೂರಿಗೆ ಹೊರಡುವುದಕ್ಕಿಂತ ಇನ್ನೊಂದು ರಾತ್ರಿ ಉಳಿಯುವುದೇ ವಾಸಿ. ದೀಪಾಲಂಕಾರ, ವಸ್ತುಪ್ರದರ್ಶನ, ಫಲಪುಷ್ಪ ಪ್ರದರ್ಶನ ಇಷ್ಟೇ ನಿಮಗೆ ಬೇಕಾದರೆ 22ರಿಂದ 25ರ ನಡುವೆ ಬನ್ನಿ ಎಂಬುದೇ ನಮ್ಮ ಸಲಹೆ. ಕಡಿಮೆ ದುಡ್ಡು, ಕಡಿಮೆ ನೂಕುನುಗ್ಗಲು, ಬೆಳಗುವ ಅರಮನೆ ಅದೇ.

ಮೂರು ರಾತ್ರಿಯ ನಿಯಮಕ್ಕೆ ಒಂದೇ ವಿನಾಯಿತಿ: ಸೆಪ್ಟೆಂಬರ್ 15ರ ಹೊತ್ತಿಗೆ ನಡುವೆ ಒಂದೋ ಎರಡೋ ರಾತ್ರಿ ಖಾಲಿ ಉಳಿದಿದ್ದರೆ ಅವನ್ನು ಬಿಡಿಯಾಗಿ ಕೊಡುತ್ತೇವೆ. ಬೇಕಾದವರು ಈಗಲೇ ಹೆಸರು ಬರೆಸಿ, ಬರೆಸಿದ ಕ್ರಮದಲ್ಲೇ ಕೇಳುತ್ತೇವೆ. ಸಿಕ್ಕೇ ಸಿಗುತ್ತದೆ ಎಂದು ನಂಬಿ ರೈಲಿನ ಟಿಕೆಟ್ ತೆಗೆಯಬೇಡಿ.

ರೂಮು ಹಿಡಿದಿಡಲು ಒಟ್ಟು ಮೊತ್ತದ ಅರ್ಧ ಮುಂಗಡ, ನಾವು ಒಪ್ಪಿ ಉತ್ತರಿಸಿದ 48 ಗಂಟೆಯೊಳಗೆ ಯುಪಿಐ ಮೂಲಕ. ಉಳಿದದ್ದು ಬಂದಾಗ. ಆಗಸ್ಟ್ 31ರವರೆಗೆ ರದ್ದು ಮಾಡಿದರೆ ಮುಂಗಡ ಪೂರ್ತಿ ವಾಪಸ್. ಸೆಪ್ಟೆಂಬರ್ 15ರವರೆಗೆ ಅದರ ಅರ್ಧ. ಆಮೇಲೆ ವಾಪಸ್ ಇಲ್ಲ, ಆದರೆ ಅದೇ ರಾತ್ರಿಗಳು ಬೇರೆಯವರಿಗೆ ಹೋದರೆ 500 ರೂಪಾಯಿ ಹಿಡಿದು ಮಿಕ್ಕದ್ದು ಕೊಡುತ್ತೇವೆ. ಮೂರು ರಾತ್ರಿಗೆ ಬುಕ್ ಮಾಡಿ ಎರಡೇ ರಾತ್ರಿ ಉಳಿದು ಹೊರಟರೂ ಮೂರರ ಬಾಡಿಗೆಯೇ. ಇದನ್ನು ಈಗಲೇ ಹೇಳಿಬಿಟ್ಟರೆ ಹೊರಡುವ ದಿನ ಗೇಟಿನ ಬಳಿ ಮುಖ ಕೆಡಿಸಿಕೊಳ್ಳಬೇಕಿಲ್ಲ.

ದಯವಿಟ್ಟು ನೇರವಾಗಿ ಇದೇ ವಾಟ್ಸಾಪ್ ನಂಬರಿಗೇ ಬರೆಯಿರಿ. ವರ್ಷದ ವಹಿವಾಟು 20 ಲಕ್ಷದೊಳಗಿರುವುದರಿಂದ ನಾವು ಜಿಎಸ್‌ಟಿ ಹಾಕುವುದಿಲ್ಲ. ಆ್ಯಪ್ ಮೂಲಕ ಹೋದರೆ ಅವರು ಬಾಡಿಗೆಯ ಮೇಲೆ ಜಿಎಸ್‌ಟಿ ಸೇರಿಸುತ್ತಾರೆ, ಹಳಬರ ರಿಯಾಯಿತಿಯೂ ಅಲ್ಲಿ ಸಿಗುವುದಿಲ್ಲ.

ಜಂಬೂಸವಾರಿಯ ಟಿಕೆಟ್, ಗೋಲ್ಡ್ ಕಾರ್ಡ್ ಬಾಡಿಗೆಯಲ್ಲಿ ಸೇರಿಲ್ಲ. ಜಿಲ್ಲಾಡಳಿತ ಆನ್‌ಲೈನ್‌ನಲ್ಲಿ ಬಿಟ್ಟಾಗ ನೀವೇ ತೆಗೆದುಕೊಳ್ಳಬೇಕು. "ಹೋಂಸ್ಟೇಯವರ ಪಾಸ್" ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಅಂಥದ್ದು ನಮ್ಮಲ್ಲಿ ಇಲ್ಲ.

2ರಂದೇ ಬರುವವರು ಬೆಂಗಳೂರು ಹೆದ್ದಾರಿಯಿಂದ ಬನ್ನಿಮಂಟಪದ ಕಡೆಗೆ ನೇರ ಒಳಗೆ ಬರಬೇಡಿ. ಊರಿನ ಹೊರಗೇ ಬಲಕ್ಕೆ ರಿಂಗ್ ರೋಡ್ ಹಿಡಿದು, ಹಿಂಕಲ್ ಫ್ಲೈಓವರ್ ಹತ್ತಿರ ಹುಣಸೂರು ರಸ್ತೆಗೆ ತಿರುಗಿ, ಅಲ್ಲಿಂದ ಸರಸ್ವತಿಪುರಂ. ಬೆಳಿಗ್ಗೆ 10ರೊಳಗೆ ತಲುಪಿದರೆ ಉತ್ತಮ. ರೂಮು ಮಧ್ಯಾಹ್ನ 1 ಗಂಟೆಗೇ ಸಿಗುವುದು, ಆದರೂ ಸ್ನಾನಕ್ಕೆ ಕೆಳಗಿನ ಬಚ್ಚಲುಮನೆ ಇದೆ. ಕಾಂಪೌಂಡಿನಲ್ಲಿ ಮೂರೇ ಕಾರು ಹಿಡಿಯುತ್ತವೆ, ಮೊದಲು ಬುಕ್ ಮಾಡಿದ ಮೂವರಿಗೆ ಆ ಜಾಗ.

ಆಯುಧಪೂಜೆಗೆ ನಿಮ್ಮ ಗಾಡಿಗೂ ಹೂವು, ನಿಂಬೆಹಣ್ಣು ನಮ್ಮ ಕಡೆಯಿಂದ. ಬೂದುಗುಂಬಳಕಾಯಿ ಒಡೆಯುವುದಾದರೆ ಗೇಟಿನ ಪಕ್ಕದಲ್ಲಿ ಒಡೆದು, ಚೂರುಗಳನ್ನು ತಕ್ಷಣ ಬದಿಗೆ ಸರಿಸಿ. ರಸ್ತೆ ಮಧ್ಯೆ ಬಿಟ್ಟರೆ ಬೈಕಿನವರು ಜಾರುತ್ತಾರೆ.

ಆಗಸ್ಟ್ 10ರೊಳಗೆ ಬರುವ ದಿನ, ಹೊರಡುವ ದಿನ, ದೊಡ್ಡವರು ಎಷ್ಟು, ಮಕ್ಕಳ ವಯಸ್ಸು, ಕಾರು ಇದೆಯೋ ಇಲ್ಲವೋ ಇಷ್ಟನ್ನು ಬರೆದು ಕಳಿಸಿ. ಒಟ್ಟು ಎಷ್ಟಾಗುತ್ತದೆಂದು ಅದೇ ದಿನ ಸಂಜೆಯೊಳಗೆ ತಿಳಿಸುತ್ತೇವೆ.

ಇಂತಿ,
ಸರಸ್ವತಿಪುರಂ ಹೋಂಸ್ಟೇ ಮನೆಯವರು