ವಿಷಯ: 2022ರಲ್ಲಿ ಹೊದಿಸಿದ ಬಣ್ಣದ ಮೇಲ್ಛಾವಣಿ ಶೀಟುಗಳು ಅವಧಿಗೆ ಮೊದಲೇ ತೂತು ಬಿದ್ದಿರುವುದು – ವಾರಂಟಿಯಡಿ ಬದಲಿ ಕೋರಿಕೆ

ಶಿರಸಿ
2 ಡಿಸೆಂಬರ್ 2024

ಇವರಿಗೆ,
ವ್ಯವಸ್ಥಾಪಕರು, ವಾರಂಟಿ ವಿಭಾಗ,
ಶೀಟು ತಯಾರಿಕಾ ಕಂಪನಿ, ಬೆಂಗಳೂರು

ಮಾನ್ಯರೆ,

ಶಿರಸಿ ತಾಲ್ಲೂಕಿನ ನಮ್ಮ ಅಡಿಕೆ ಗೋದಾಮಿಗೆ 2022ರ ಏಪ್ರಿಲ್ 18ರಿಂದ 21ರವರೆಗೆ ತಮ್ಮ 0.50 ಮಿ.ಮೀ. ದಪ್ಪದ, 150 ಗ್ರಾಂ ಅಲ್ಯೂಮಿನಿಯಂ-ಸತು ಲೇಪನದ ಬಣ್ಣದ ಶೀಟು ಹೊದಿಸಿದ್ದೇವೆ. 6.7 ಮೀಟರ್ ಉದ್ದದ ಒಟ್ಟು 36 ಶೀಟುಗಳಲ್ಲಿ 11 ಹಾಳಾಗಿವೆ. ತೂತು ಬೀಳುವ ತುಕ್ಕಿಗೂ ಬಣ್ಣ ಏಳುವುದಕ್ಕೂ ತಾವು ಕೊಟ್ಟಿರುವುದು 10 ವರ್ಷದ ವಾರಂಟಿ. ಮೊದಲ ಸೋರಿಕೆ ಕಂಡಿದ್ದು 2024ರ ಜೂನ್ ಮಳೆಯಲ್ಲಿ, ಅಂದರೆ 26 ತಿಂಗಳಿಗೆ.

ತಮ್ಮ ಗಮನಕ್ಕೆ ತರಬೇಕಾದ ಮುಖ್ಯ ಸಂಗತಿ ಇದು: ಹಾಳಾದ 11 ಶೀಟುಗಳ ಒಳಮೈಯಲ್ಲೂ ಒಂದೇ ಕಾಯಿಲ್ ಸಂಖ್ಯೆ ಇದೆ, 4418. ಉಳಿದ 25 ಶೀಟುಗಳು 4431ನೇ ಕಾಯಿಲಿನವು. ಅವುಗಳಲ್ಲಿ ಒಂದಕ್ಕೂ ಏನೂ ಆಗಿಲ್ಲ. ಹಾಳಾದವು ಒಂದೇ ಕಡೆ ಗುಂಪಾಗಿಯೂ ಇಲ್ಲ. ಪೂರ್ವದ ಇಳಿಜಾರಿನಲ್ಲಿ 4ರಿಂದ 9ನೆಯವು, ಪಶ್ಚಿಮದಲ್ಲಿ 12ರಿಂದ 16ನೆಯವು. ಕೆಲಸಗಾರರು, ಸ್ಕ್ರೂ, ಮಳೆ, ಬಿಸಿಲು ಎಲ್ಲ ಒಂದೇ ಆಗಿರುವಾಗ ವ್ಯತ್ಯಾಸ ಕಾಯಿಲಿನಲ್ಲೇ ಇರಬೇಕು.

ತುಕ್ಕು ಹಿಡಿದ ಜಾಗವೂ ಅದನ್ನೇ ಹೇಳುತ್ತದೆ. ಅಳವಡಿಕೆಯ ತಪ್ಪಾಗಿದ್ದರೆ ಕತ್ತರಿಸಿದ ಅಂಚಿನಿಂದಲೋ ಸ್ಕ್ರೂ ತೂತಿನಿಂದಲೋ ತುಕ್ಕು ಶುರುವಾಗಿ ಹರಡಬೇಕಿತ್ತು. ಇಲ್ಲಿ ಎರಡು ಪರ್ಲಿನ್‌ಗಳ ನಡುವೆ, ಶೀಟಿನ ತಗ್ಗು ಭಾಗದಲ್ಲಿ ಬಣ್ಣ ಕಡಲೆಕಾಳಿನ ಗಾತ್ರಕ್ಕೆ ಗುಳ್ಳೆ ಎದ್ದಿದೆ. ಗುಳ್ಳೆಯನ್ನು ಉಗುರಿನಿಂದ ಕೆರೆದರೆ ಕೆಳಗೆ ಬಿಳಿ ಪುಡಿ, ಅದರಡಿ ಕೆಂಪು ತುಕ್ಕು. ಐದು ಕಡೆ ಆರಪಾರ ಸೂಜಿಮೊನೆಯಷ್ಟು ತೂತಾಗಿದೆ. ಸ್ಕ್ರೂಗಳ ಸುತ್ತ ಬಣ್ಣ ಹಾಗೇ ಇದೆ.

ನವೆಂಬರ್ 16ರಂದು ಲೇಪನ ಅಳೆಯುವ ಗೇಜಿನಿಂದ ಪ್ರತಿ ಶೀಟಿನ ಮೇಲ್ಮೈಯಲ್ಲಿ ಐದು ಕಡೆ ಅಳತೆ ತೆಗೆದಿದ್ದೇವೆ, ಗುಳ್ಳೆ ಇಲ್ಲದ ಭಾಗದಲ್ಲೇ. 150 ಗ್ರಾಂ ಎಂದರೆ ಎರಡೂ ಮೈ ಸೇರಿಸಿದ ಲೆಕ್ಕ. ಒಂದು ಮೈಗೆ ಸುಮಾರು 20 ಮೈಕ್ರಾನ್ ಲೋಹ. ಅದರ ಮೇಲೆ ತಮ್ಮ ಪಟ್ಟಿಯಂತೆ ಪ್ರೈಮರ್ ಸೇರಿ 25 ಮೈಕ್ರಾನ್ ಬಣ್ಣ. 4431ರಲ್ಲಿ 42ರಿಂದ 45 ಮೈಕ್ರಾನ್ ಬಂದರೆ, 4418ರಲ್ಲಿ ಬಂದಿದ್ದು 24ರಿಂದ 27 ಮಾತ್ರ. ಕೊರತೆ ಲೋಹದ್ದೋ ಬಣ್ಣದ್ದೋ ಎಂದು ಈ ಗೇಜು ಹೇಳಲಾರದು. ಲೇಪನ ಕರಗಿಸಿ ತೂಕ ನೋಡುವ ಪರೀಕ್ಷೆಗೆ ಎರಡೂ ಕಾಯಿಲುಗಳ ಸೂರಿನ ತುದಿಯಿಂದ ಅಂಗೈಯಗಲದ ತಲಾ ಮೂರು ತುಂಡು ಕತ್ತರಿಸಿ, ಒಣಗಿಸಿ, ಗುರುತು ಹಾಕಿ ಇಟ್ಟಿದ್ದೇವೆ.

ಅಳವಡಿಕೆಯ ವಿವರ: ಇಳಿಜಾರು 15 ಡಿಗ್ರಿ. ಪರ್ಲಿನ್ ಅಂತರ 1.2 ಮೀಟರ್, ಪ್ರತಿ ಇಳಿಜಾರಿಗೆ ಆರು ಸಾಲು, ಪ್ರೈಮರ್ ಹಚ್ಚಿದ ಕಬ್ಬಿಣ. ರಬ್ಬರ್ ವಾಷರಿನ ಸ್ಕ್ರೂಗಳನ್ನು ಏಣಿನ ಮೇಲೆ, ಪ್ರತಿ ಪರ್ಲಿನ್‌ಗೆ ಶೀಟೊಂದಕ್ಕೆ ನಾಲ್ಕರಂತೆ ಹಾಕಿದೆ; ಒಟ್ಟು 864. ಶೀಟುಗಳು ಅಳತೆಗೆ ಸರಿಯಾಗಿ ಕಾರ್ಖಾನೆಯಿಂದಲೇ ಕತ್ತರಿಸಿ ಬಂದಿದ್ದರಿಂದ ಮಾಡಿನ ಮೇಲೆ ಗ್ರೈಂಡರ್ ಮುಟ್ಟಿಸಿಲ್ಲ. ಸ್ಕ್ರೂ ಕೊರೆದ ಕಬ್ಬಿಣದ ಚೂರನ್ನು ಪ್ರತಿ ಸಂಜೆ ಮೆತ್ತನೆಯ ಪೊರಕೆಯಿಂದ ಗುಡಿಸಿದೆ. ಲಾರಿಯಿಂದ ಇಳಿಸಿದ ಮೇಲೆ ಶೀಟುಗಳು ಎರಡು ದಿನ ಛಾವಣಿಯಡಿ, ಅಡಿಗೋಲಿನ ಮೇಲಿದ್ದವು, ನೀರು ಸೋಕಿಲ್ಲ.

ಸಮುದ್ರ 40 ಕಿ.ಮೀ.ಗೂ ದೂರ. ಒಳಗೆ ಒಣ ಅಡಿಕೆ ಬಿಟ್ಟರೆ ಗೊಬ್ಬರ, ಸುಣ್ಣ ಯಾವುದೂ ಇಲ್ಲ. ಅಡಿಕೆ ಬೇಯಿಸುವ ಒಲೆ 30 ಮೀಟರ್ ಆಚೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇರುತ್ತದೆ, ತಾಮ್ರ ಈ ಲೇಪನಕ್ಕೆ ಆಗದು ಎಂಬುದು ನಮಗೂ ಗೊತ್ತು. ತೋಟ 60 ಮೀಟರ್ ದೂರವಿದೆ. ಗಾಳಿಗೆ ಹನಿ ಬಂದಿದ್ದರೂ ಪಕ್ಕದ 4431ನ್ನು ಬಿಟ್ಟು 4418ರ ಮೇಲಷ್ಟೇ ಬೀಳಲು ಸಾಧ್ಯವಿಲ್ಲ.

ಲಗತ್ತು: ಬಿಲ್, ವಾರಂಟಿ ಪತ್ರ, ಅಳವಡಿಕೆಯ ದಿನಚರಿ, ಶೀಟು ಸಂಖ್ಯೆ ಬರೆದ ಮಾಡಿನ ನಕ್ಷೆ, ಗೇಜಿನ 180 ಅಳತೆಗಳ ಪಟ್ಟಿ. ಜತೆಗೆ ದಿನಾಂಕ ಸಹಿತ 22 ಫೋಟೊ. 1ರಿಂದ 4 ಅಳವಡಿಕೆಯ ದಿನದವು. 5ರಿಂದ 15 ಹಾಳಾದ ಪ್ರತಿ ಶೀಟಿನವು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದವು. 16ರಿಂದ 20 ಒಳಗಿನಿಂದ ಬೆಳಕು ತೂರುವ ಐದು ತೂತುಗಳು. 21 ಮತ್ತು 22 ಕಾಯಿಲ್ ಸಂಖ್ಯೆಯ ಮುದ್ರೆ. ಶೀಟು 9 ಮತ್ತು 10 ಅಕ್ಕಪಕ್ಕ ಕಾಣುವ 10ನೇ ಫೋಟೊವನ್ನು ದಯವಿಟ್ಟು ಮೊದಲು ನೋಡಿ.

ಫೋಟೊ ತೆಗೆದ ನಂತರ ತೂತುಗಳಿಗೆ ಮೇಲಿನಿಂದ ಬ್ಯೂಟೈಲ್ ಟೇಪ್ ಅಂಟಿಸಿದ್ದು ಬಿಟ್ಟರೆ ಬೇರೆ ರಿಪೇರಿ ಮಾಡಿಲ್ಲ. ತಮ್ಮವರು ಬಂದು ನೋಡುವವರೆಗೆ ಬಣ್ಣವನ್ನೂ ಬಳಿಯುವುದಿಲ್ಲ.

ನಮ್ಮ ಕೋರಿಕೆ: ಈ ಪತ್ರ ತಲುಪಿದ 15 ದಿನದೊಳಗೆ ಇಂಜಿನಿಯರನ್ನು ಕಳುಹಿಸಿ ಜಂಟಿ ಪರಿಶೀಲನೆ ನಡೆಸಬೇಕು. 4418ನೇ ಕಾಯಿಲಿನ ಕಾರ್ಖಾನೆ ಪರೀಕ್ಷಾ ವರದಿಯ ಪ್ರತಿ ಕೊಡಬೇಕು. 11 ಶೀಟು, ಅವುಗಳಿಗೆ ಬೇಕಾದ 264 ಸ್ಕ್ರೂ, ನೆತ್ತಿಯ ಮುಚ್ಚುಪಟ್ಟಿ ಬಿಚ್ಚಿ ಕೂರಿಸುವ ಕೂಲಿ, ಸಾಗಣೆ ಎಲ್ಲವನ್ನೂ ತಾವೇ ಭರಿಸಿ 2025ರ ಮಾರ್ಚ್ ಒಳಗೆ ಕೆಲಸ ಮುಗಿಸಬೇಕು. ಬರೀ ಬಣ್ಣ ಬಳಿದು ಸರಿಪಡಿಸುವುದನ್ನು ಒಪ್ಪಲಾಗದು; ಅಡಿಯ ಲೇಪನವೇ ತೆಳುವಾಗಿದ್ದರೆ ಅದು ಮುಂದಿನ ಮಳೆಗಾಲವನ್ನೂ ದಾಟದು.

30 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ, ಇದೇ ದಾಖಲೆಗಳೊಂದಿಗೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಸಲ್ಲಿಸುತ್ತೇವೆ.

ತಮ್ಮ ವಿಶ್ವಾಸಿ,
ಅಡಿಕೆ ಗೋದಾಮಿನ ಮಾಲೀಕ, ಶಿರಸಿ ತಾಲ್ಲೂಕು, ಉತ್ತರ ಕನ್ನಡ

ಪ್ರತಿ: ಶೀಟು ಮಾರಿದ ಶಿರಸಿಯ ಅಂಗಡಿಗೆ, ಮಾಹಿತಿಗಾಗಿ