ಊಟಿಯಿಂದ, ಅಪ್ಪ ಅಮ್ಮನಿಗೆ

ಪ್ರೀತಿಯ ಅಪ್ಪ, ಅಮ್ಮ,

ಫೋನಿನಲ್ಲಿ "ಚೆನ್ನಾಗಿದ್ದೇವೆ" ಎಂದು ಎರಡು ಮಾತಾಡಿ ಇಟ್ಟುಬಿಡುತ್ತೇನೆಂದು ಅಮ್ಮ ನಿನ್ನೆ ಮುನಿಸಿಕೊಂಡಿದ್ದಳಲ್ಲ, ಅದಕ್ಕೇ ಈ ಸಂದೇಶ. ಇವರು ಇನ್ನೂ ಎದ್ದಿಲ್ಲ. ಕಿಟಕಿಯಾಚೆ ಮಂಜು ಬಿಟ್ಟರೆ ಬೇರೇನೂ ಕಾಣುತ್ತಿಲ್ಲ. ಹಾಗಾಗಿ ಬರೆಯಲು ಇದೇ ಒಳ್ಳೆಯ ಹೊತ್ತು.

ಅಪ್ಪಾ, ನಿಮ್ಮ ಮಾತು ಕೇಳಿ ಮೆಟ್ಟುಪಾಳ್ಯದಿಂದ ಪುಟ್ಟ ರೈಲಿನಲ್ಲೇ ಬಂದೆವು. ನಲವತ್ತಾರು ಕಿಲೋಮೀಟರಿಗೆ ಹತ್ತಿರ ಹತ್ತಿರ ಐದು ಗಂಟೆ! ಕಾರಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ತಲುಪಿ ಒಂದು ನಿದ್ದೆ ಮುಗಿಸಬಹುದಿತ್ತು ಎಂದು ಇವರು ಹೊರಡುವಾಗ ಗೊಣಗಿದ್ದು ನಿಜ. ಆದರೆ ಕಲ್ಲಾರ್ ದಾಟಿ ಏರು ಶುರುವಾದ ಮೇಲೆ ಅವರ ತಲೆ ಕಿಟಕಿಯಿಂದ ಒಳಗೆ ಬರಲೇ ಇಲ್ಲ. ನೀವು ಹೇಳಿದ್ದ ಹಾಗೆಯೇ ಎರಡು ಹಳಿಗಳ ನಡುವೆ ಹಲ್ಲುಗಳಿರುವ ಪಟ್ಟಿ, ಅದನ್ನು ಕಚ್ಚಿ ಕಚ್ಚಿ ಮೇಲೇರುವ ಉಗಿಬಂಡಿ. ಎಂಜಿನ್ ಮುಂದಿನಿಂದ ಎಳೆಯುವುದಿಲ್ಲ, ಹಿಂದಿನಿಂದ ನೂಕುತ್ತದೆ ಎಂಬುದನ್ನು ಮಾತ್ರ ನೀವು ಹೇಳಿರಲಿಲ್ಲ. ನಾನು ಮುಂದೆ ಹೋಗಿ ಎಂಜಿನ್ ಹುಡುಕಿ ಪೆಚ್ಚಾದೆ. ನೀರು ತುಂಬಿಸಿಕೊಳ್ಳಲು ನಡುವೆ ನಿಂತಾಗ ಎಲ್ಲರೂ ಇಳಿದು ಅದರ ಸುತ್ತ ನಿಂತರು, ಬಸವಳಿದ ಎತ್ತನ್ನು ನೋಡಲು ನಿಂತಂತೆ. 1899ರಲ್ಲಿ ಕೂನೂರಿನವರೆಗೆ ಶುರುವಾದ ದಾರಿಯಂತೆ ಇದು. ಕೂನೂರಿನಲ್ಲಿ ಉಗಿಯ ಎಂಜಿನ್ ಬಿಚ್ಚಿ ಡೀಸೆಲ್ ಹಾಕಿದಾಗ ನನಗೆ ಬೇಸರವೇ ಆಯಿತು.

ಸುರಂಗ ಬಂದಾಗಲೆಲ್ಲ ಇಡೀ ಬೋಗಿ "ಹೋ" ಎಂದು ಕೂಗುತ್ತದೆ. ಒಟ್ಟು ಹದಿನಾರು ಸುರಂಗಗಳು. ಮೊದಲ ಎರಡರಲ್ಲಿ ನಿಮ್ಮ ಅಳಿಯ ಗಂಭೀರವಾಗಿ ಕುಳಿತಿದ್ದರು. ಮೂರನೆಯದರಲ್ಲಿ ನನ್ನ ಪಕ್ಕದಿಂದಲೇ ಒಂದು ದೊಡ್ಡ ದನಿ ಬಂತು. ಬೆಳಕಿಗೆ ಬಂದ ಮೇಲೆ ಏನೂ ಆಗಿಲ್ಲವೆಂಬಂತೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಮದುವೆಯ ದಿನ "ಹುಡುಗ ಮಾತೇ ಆಡುವುದಿಲ್ಲವಲ್ಲ" ಎಂದು ಚಿಂತಿಸಿದ್ದೆಯಲ್ಲ ಅಮ್ಮ, ಆ ಚಿಂತೆ ಬಿಡು.

ದೊಡ್ಡಬೆಟ್ಟಕ್ಕೆ ಹೋದೆವು. ಎತ್ತರ 2,637 ಮೀಟರ್ ಎಂದು ಬೋರ್ಡು ನೋಡಿ ನಂಬಿದೆವು, ಅಷ್ಟೇ. ಬೋರ್ಡಿನಾಚೆ ಎಲ್ಲ ಬಿಳಿ. ತೆಗೆದ ಹದಿನೈದು ಫೋಟೋಗಳಲ್ಲಿ ನಾವಿಬ್ಬರೂ ಸೋಪಿನ ನೊರೆಯಲ್ಲಿ ನಿಂತ ಹಾಗಿದ್ದೇವೆ. ಕಳುಹಿಸುತ್ತೇನೆ, ನಗಬೇಡಿ.

ಇಳಿಯುವಾಗ ಮಳೆ ಹಿಡಿಯಿತು. ಇವರ ಜಾಕೆಟ್ ಪೂರ್ತಿ ನೆನೆದು ಹೋಯಿತು, ಬೇರೆ ತಂದಿರಲಿಲ್ಲ. ಆಗ ಸೂಟ್‌ಕೇಸಿನ ತಳ ತಡಕಿದರೆ ಸಿಕ್ಕಿದ್ದು ಅಪ್ಪನ ಆ ಕಂದು ಸ್ವೆಟರ್! ಬೇಡವೆಂದು ನಾನು ಎರಡು ಸಲ ತೆಗೆದಿಟ್ಟಿದ್ದೆ ಅಮ್ಮಾ, ಮೂರನೇ ಸಲ ಯಾವಾಗ ತುರುಕಿದೆಯೋ. ಮೊಣಕೈಯಲ್ಲಿ ನೀನು ಬೇರೆ ಬಣ್ಣದ ಉಲ್ಲನ್ನಿನಿಂದ ರಫು ಮಾಡಿದ್ದೀಯಲ್ಲ, ಅದನ್ನೇ ಹಾಕಿಕೊಂಡು ಇವರು ಮೂರು ದಿನದಿಂದ ಓಡಾಡುತ್ತಿದ್ದಾರೆ. ನಿನ್ನೆ ಸಂಜೆ ವರಾಂಡದಲ್ಲಿ ಬೆನ್ನು ಮಾಡಿ ನಿಂತಿದ್ದರು. ಕೈ ಹಿಂದೆ ಕಟ್ಟಿಕೊಂಡು, ತಲೆ ಸ್ವಲ್ಪ ಎಡಕ್ಕೆ ವಾಲಿಸಿ. "ಅಪ್ಪಾ, ಒಳಗೆ ಬನ್ನಿ, ಶೀತವಾಗುತ್ತದೆ" ಎಂದುಬಿಟ್ಟೆ. ಇವರು ತಿರುಗಿ ನೋಡಿ ಇಡೀ ರಾತ್ರಿ ನಗಾಡಿದರು. ನಾನೂ ನಕ್ಕೆ. ಆಮೇಲೆ ಮುಖ ತೊಳೆಯುವ ನೆಪದಲ್ಲಿ ಒಳಗೆ ಹೋಗಿ ಸ್ವಲ್ಪ ಅತ್ತೆ ಕೂಡ, ಇದನ್ನು ಇವರಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಬೇರೆ ವಿಶೇಷವಿಲ್ಲ. ಸರೋವರ, ತೋಟ ಎಲ್ಲ ನೋಡಿದೆವು, ಚೆನ್ನಾಗಿವೆ. ಹೆಚ್ಚು ಹೊತ್ತು ಇಬ್ಬರೂ ಸುಮ್ಮನೆ ನಡೆಯುತ್ತೇವೆ. ನೀಲಗಿರಿ ಮರಗಳ ಕೆಳಗೆ ಒದ್ದೆ ಎಲೆಗಳ ವಾಸನೆ ನಿನ್ನ ನೋವಿನೆಣ್ಣೆಯ ಡಬ್ಬಿ ತೆರೆದಂತೆ ಬರುತ್ತದೆ ಅಮ್ಮ. ಇವರು ವೇಗವಾಗಿ ನಡೆಯುವವರು. ಎರಡು ಹೆಜ್ಜೆ ಮುಂದೆ ಹೋಗಿ, ನೆನಪಾಗಿ, ನಿಂತು ಕಾಯುತ್ತಾರೆ.

ಅಪ್ಪಾ, ರಕ್ತದೊತ್ತಡದ ಮಾತ್ರೆ ಮರೆಯಬೇಡಿ. ಭಾನುವಾರ ಬೆಳಿಗ್ಗೆ ಬರುತ್ತೇವೆ. ನಿಲ್ದಾಣಕ್ಕೆ ಬರಬೇಡಿ ಎಂದರೂ ನೀವು ಬರುತ್ತೀರಿ, ಅದಕ್ಕೆ ಹೇಳುವುದಿಲ್ಲ. ಸ್ವೆಟರ್ ಮಾತ್ರ ವಾಪಸ್ ಸಿಗುವುದು ಅನುಮಾನ. ಇವರು ಈಗಲೂ ಅದನ್ನು ಹಾಕಿಕೊಂಡೇ ಮಲಗಿದ್ದಾರೆ.

ನಿಮ್ಮ ಮಗಳು