ಬಿಲ್ ನಂ. 0142: ಸೆಪ್ಟೆಂಬರ್ 12, ಶುಕ್ರವಾರ ಪೇಮೆಂಟ್ ಖಚಿತ (ಆರ್‌ಟಿಜಿಎಸ್, ರೆಫರೆನ್ಸ್ PAY/2526/0907)

ಮಂಜುನಾಥ್ ಅವರೇ, ನಮಸ್ಕಾರ.

ಗೋದಾಮಿನ ವೈರಿಂಗ್ ಕೆಲಸದ ನಿಮ್ಮ ಬಿಲ್‌ಗೆ ನಿನ್ನೆ ಸಂಜೆ ಡೈರೆಕ್ಟರ್ ಅವರ ಅಪ್ರೂವಲ್ ಸಿಕ್ಕಿದೆ. ಕಳೆದ ವಾರ ಫೋನಿನಲ್ಲಿ ಹೇಳಿದ್ದ ತಾರೀಕೇ ಖಾಯಂ: 2025ರ ಸೆಪ್ಟೆಂಬರ್ 12, ಶುಕ್ರವಾರ. ಅವತ್ತು "ಸಹಿ ಆದರೆ" ಅಂತ ಒಂದು ಮಾತು ಸೇರಿಸಿದ್ದೆ. ಈಗ ಸಹಿ ಆಗಿದೆ, ಆ ಷರತ್ತು ಇನ್ನಿಲ್ಲ.

ನಿಮ್ಮ ಲೆಕ್ಕದ ಪುಸ್ತಕಕ್ಕೆ ಬೇಕಾಗುವ ವಿವರ ಇಲ್ಲಿದೆ.

ನಮ್ಮ ಪರ್ಚೇಸ್ ಆರ್ಡರ್: PO/2526/0318
ನಿಮ್ಮ ಬಿಲ್: ನಂ. 0142, ತಾರೀಕು 04-08-2025
ಪೇಮೆಂಟ್ ವೋಚರ್: PAY/2526/0907
ಪಾವತಿ ವಿಧಾನ: ಆರ್‌ಟಿಜಿಎಸ್, 4417ರಲ್ಲಿ ಮುಗಿಯುವ ನಿಮ್ಮ ಕರೆಂಟ್ ಅಕೌಂಟಿಗೆ
ಕೆಲಸದ ಮೊತ್ತ: ರೂ. 4,20,000
ಜಿಎಸ್‌ಟಿ ಶೇ. 18: ರೂ. 75,600
ಬಿಲ್‌ನ ಒಟ್ಟು ಮೊತ್ತ: ರೂ. 4,95,600
ಟಿಡಿಎಸ್ ಶೇ. 1: ರೂ. 4,200 ಕಡಿತ
ರಿಟೆನ್ಷನ್ ಶೇ. 5: ರೂ. 21,000 ತಡೆಹಿಡಿದದ್ದು
ನಿಮ್ಮ ಖಾತೆಗೆ ಬರುವುದು: ರೂ. 4,70,400

ಪೂರ್ತಿ ಹಣ ಒಂದೇ ಕಂತಿನಲ್ಲಿ ಬರುತ್ತದೆ. ಅರ್ಧ ಈಗ, ಅರ್ಧ ಆಮೇಲೆ ಅನ್ನೋದು ಇಲ್ಲ.

ಶನಿವಾರ ಕೆಲಸಗಾರರಿಗೆ ಬಟವಾಡೆ ಇದೆ ಅಂತ ನೀವು ಹೇಳಿದ್ದು ನೆನಪಿದೆ. ಕ್ಯಾಲೆಂಡರ್ ನೋಡಿದೆ, 13ನೇ ತಾರೀಕು ಎರಡನೇ ಶನಿವಾರ. ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ರಜೆಯ ದಿನವೂ ನಡೆಯುತ್ತದೆ, ಅದರಲ್ಲಿ ತೊಂದರೆ ಇಲ್ಲ. ಆದರೆ ಬ್ರಾಂಚ್ ಬಾಗಿಲು ಹಾಕಿರುತ್ತದಲ್ವಾ, ನೀವು ನಗದು ತೆಗೆಯುವುದು ಹೇಗೆ? ಅದಕ್ಕೆ ಶುಕ್ರವಾರ ಸಂಜೆಗೆ ಬಿಡದೆ ಬೆಳಿಗ್ಗೆಯೇ ಕಳಿಸುತ್ತೇವೆ. ಬ್ಯಾಂಕ್ ಪೋರ್ಟಲ್‌ನಲ್ಲಿ ನಾನು ಎಂಟ್ರಿ ಹಾಕಬೇಕು, ಇನ್ನೊಬ್ಬರು ಅದನ್ನು ಪಾಸ್ ಮಾಡಬೇಕು. ಅವರಿಗೆ ಹೇಳಿ ಇಟ್ಟಿದ್ದೇನೆ. 11 ಗಂಟೆಯೊಳಗೆ ಇಬ್ಬರ ಕೆಲಸವೂ ಮುಗಿಯುತ್ತದೆ. ಹಣದ ಮೆಸೇಜ್ ತಲುಪಿದ ಅರ್ಧ ಗಂಟೆಯಲ್ಲಿ ನಿಮ್ಮ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕು ಅನ್ನೋದು ರಿಸರ್ವ್ ಬ್ಯಾಂಕಿನ ನಿಯಮ. ಹಾಗಾಗಿ ಮಧ್ಯಾಹ್ನ ನೀವು ಬ್ರಾಂಚಿಗೆ ಹೋಗಬಹುದು. ಬಂದ ಹಣಕ್ಕೆ ನಿಮ್ಮ ಬ್ಯಾಂಕ್ ಚಾರ್ಜ್ ಹಾಕುವ ಹಾಗಿಲ್ಲ. ಕಳಿಸುವ ಖರ್ಚು ನಮ್ಮದು.

ಚೆಕ್ ಕೊಟ್ಟರೂ ಆಗುತ್ತೆ ಅಂದಿದ್ದಿರಿ. ಈ ಸಲ ಬೇಡ. ನಾವು ಶುಕ್ರವಾರ ಚೆಕ್ ಕೊಟ್ಟು, ಅದು ಕ್ಲಿಯರ್ ಆಗುವ ಹೊತ್ತಿಗೆ ನಿಮ್ಮ ಶನಿವಾರ ದಾಟಿರುತ್ತದೆ. ಮೊತ್ತ ಎರಡು ಲಕ್ಷಕ್ಕಿಂತ ಜಾಸ್ತಿ ಇರುವುದರಿಂದ ಆರ್‌ಟಿಜಿಎಸ್‌ಗೆ ಅಡ್ಡಿಯೇನೂ ಇಲ್ಲ.

ರೆಫರೆನ್ಸ್ ಬಗ್ಗೆ ಒಂದು ಮಾತು. ಮೇಲೆ ಕೊಟ್ಟಿರುವ PAY/2526/0907 ನಮ್ಮ ಆಫೀಸಿನ ವೋಚರ್ ನಂಬರ್. ಬ್ಯಾಂಕಿನವರಿಗೆ ಅದನ್ನು ಹೇಳಿದರೆ ಏನೂ ಗೊತ್ತಾಗುವುದಿಲ್ಲ. ಅವರಿಗೆ ಬೇಕಾದದ್ದು ಯುಟಿಆರ್ ನಂಬರ್, ಆರ್‌ಟಿಜಿಎಸ್‌ನಲ್ಲಿ ಅದು 22 ಅಕ್ಷರದ್ದು. ಹಣ ನಮ್ಮ ಬ್ಯಾಂಕಿನಿಂದ ಹೊರಟ ಮೇಲಷ್ಟೇ ಆ ನಂಬರ್ ಹುಟ್ಟುತ್ತದೆ, ಅದಕ್ಕೇ ಇವತ್ತು ಕೊಡಲಾಗುವುದಿಲ್ಲ. ಶುಕ್ರವಾರ ಹಣ ಹೋದ ಕೂಡಲೇ ಇದೇ ಮೇಲ್‌ಗೆ ಉತ್ತರವಾಗಿ ಯುಟಿಆರ್ ಕಳಿಸುತ್ತೇನೆ, ಪೇಮೆಂಟ್ ಅಡ್ವೈಸ್ ಕೂಡ ಜೊತೆಗೇ ಇರುತ್ತದೆ. ಮಧ್ಯಾಹ್ನ 1 ಗಂಟೆಗೂ ಜಮಾ ಕಾಣದಿದ್ದರೆ ಸಂಜೆವರೆಗೆ ಕಾಯಬೇಡಿ, ಆಗಲೇ ಫೋನ್ ಮಾಡಿ. ಬ್ರಾಂಚ್ ತೆರೆದಿರುವಾಗಲೇ ಹುಡುಕಿಸೋಣ.

ಹೊಸ ಬ್ಯಾಂಕ್ ಖಾತೆಗೆ ಹಾಕಿ ಅಂತ ಸೋಮವಾರ ವಾಟ್ಸಾಪಿನಲ್ಲಿ ಕೇಳಿದ್ದಿರಿ. ಈ ಪೇಮೆಂಟ್‌ಗೆ ಅದು ಆಗುವುದಿಲ್ಲ. ಖಾತೆ ಬದಲಿಸಲು ನಿಮ್ಮ ಸೀಲು, ಸಹಿ ಇರುವ ಪತ್ರ ಮತ್ತು ಕ್ಯಾನ್ಸಲ್ ಮಾಡಿದ ಚೆಕ್ ಬೇಕು. ಅದು ಬಂದ ಮೇಲೆ ನಾವು ಫೋನ್ ಮಾಡಿ ನಿಮ್ಮಿಂದಲೇ ಖಚಿತ ಮಾಡಿಕೊಳ್ಳುತ್ತೇವೆ. ನಿಮ್ಮ ಮೇಲೆ ಅನುಮಾನ ಅಂತ ಅಲ್ಲ. ಸಪ್ಲೈಯರ್ ಹೆಸರಿನಲ್ಲಿ ಯಾರೋ ಮೆಸೇಜ್ ಹಾಕಿ ಹಣ ಬೇರೆ ಕಡೆಗೆ ತಿರುಗಿಸುವ ಮೋಸ ಈಗ ಬಹಳ. ಇದೆಲ್ಲ ಶುರು ಮಾಡಿದರೆ 12ನೇ ತಾರೀಕು ತಪ್ಪುತ್ತದೆ. ಹಳೇ ಖಾತೆಗೇ ಈ ಹಣ ಬರಲಿ, ಬದಲಾವಣೆಯನ್ನು ನಿಧಾನವಾಗಿ ಮಾಡೋಣ. 4417ರ ಖಾತೆ ಏನಾದರೂ ಮುಚ್ಚಿದ್ದರೆ ಮಾತ್ರ ನಾಳೆ ಮಧ್ಯಾಹ್ನದೊಳಗೆ ತಿಳಿಸಿ.

ಕಡಿತದ ಬಗ್ಗೆ ನಿಮ್ಮ ಹುಡುಗ ಕೇಳಿದ್ದ. ಟಿಡಿಎಸ್ ಹಾಕಿರುವುದು 4,20,000ದ ಮೇಲೆ ಮಾತ್ರ. ಬಿಲ್‌ನಲ್ಲಿ ಜಿಎಸ್‌ಟಿ ಬೇರೆ ತೋರಿಸಿದ್ದೀರಿ, ಹಾಗಾಗಿ ಆ ಭಾಗಕ್ಕೆ ಟಿಡಿಎಸ್ ಬರುವುದಿಲ್ಲ. ವ್ಯವಹಾರ ನಿಮ್ಮ ಸ್ವಂತ ಹೆಸರಿನಲ್ಲಿ ಇರುವುದರಿಂದ ದರ ಶೇ. 1. ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆ ಆಗಿದ್ದರೆ ಶೇ. 2 ಇರುತ್ತಿತ್ತು. ಬಿಲ್ ಆಗಸ್ಟ್‌ನಲ್ಲೇ ಲೆಕ್ಕಕ್ಕೆ ಹತ್ತಿದೆ, ಆ 4,200 ನಿಮ್ಮ ಪ್ಯಾನ್ ಹೆಸರಿಗೆ ಸರ್ಕಾರಕ್ಕೆ ಕಟ್ಟಿಯೂ ಆಗಿದೆ. ನಾವು ಮೂರು ತಿಂಗಳ ರಿಟರ್ನ್ ಹಾಕಿದ ಮೇಲೆ ಅದು ನಿಮ್ಮ 26ಎಎಸ್‌ನಲ್ಲಿ ಕಾಣುತ್ತದೆ. ಆ ರಿಟರ್ನ್‌ಗೆ ಕೊನೆ ದಿನ ಅಕ್ಟೋಬರ್ 31. ಫಾರ್ಮ್ 16ಎ ನವೆಂಬರ್ 15ರೊಳಗೆ ಕೊಡುತ್ತೇವೆ.

ರಿಟೆನ್ಷನ್ ನೀವು ಒಪ್ಪಿದ ಆರ್ಡರ್‌ನಲ್ಲೇ ಇದೆ: ಕೆಲಸ ಪಾಸ್ ಆದ ದಿನದಿಂದ ಆರು ತಿಂಗಳು. ಸೈಟ್ ಎಂಜಿನಿಯರ್ ಆಗಸ್ಟ್ 1ರಂದು ಪಾಸ್ ಮಾಡಿದ್ದಾರೆ, ಅಂದರೆ 2026ರ ಫೆಬ್ರುವರಿ 1ಕ್ಕೆ ಅವಧಿ ಮುಗಿಯುತ್ತದೆ. ಈಗಲೇ ಬಿಡಿ ಅಂತ ನೀವು ಕೇಳಿದ್ದನ್ನು ಮೇಲಿನವರ ಮುಂದೆ ಇಟ್ಟಿದ್ದೆ. ಒಪ್ಪಲಿಲ್ಲ. ನನಗೂ ಅದು ಸರಿ ಅನ್ನಿಸಿತು, ಪ್ಯಾನೆಲ್ ಬೋರ್ಡ್ ಒಂದು ಬೇಸಿಗೆಯಾದರೂ ನೋಡದೆ ಇರುವಾಗ ಆರು ತಿಂಗಳು ಜಾಸ್ತಿ ಏನಲ್ಲ. ಆ 21,000ಕ್ಕೆ ಇನ್ನೊಂದು ಬಿಲ್ ಹಾಕಬೇಡಿ, ಜಿಎಸ್‌ಟಿ ಈಗಾಗಲೇ ಪೂರ್ತಿ ಮೊತ್ತಕ್ಕೆ ಬಂದಿದೆ. ಜನವರಿ ಕೊನೆಯಲ್ಲಿ ಒಂದು ಪತ್ರ ಕಳಿಸಿದರೆ ಸಾಕು.

ನೀವು ಉದ್ಯಮ್ ನೋಂದಣಿ ಇರುವ ಸಣ್ಣ ಉದ್ಯಮ. ಕಾನೂನಿನ ಪ್ರಕಾರವೂ, ನಮ್ಮ ಆರ್ಡರ್ ಪ್ರಕಾರವೂ 45 ದಿನ ಮೀರುವ ಹಾಗಿಲ್ಲ. ಆಗಸ್ಟ್ 1ರಿಂದ ಎಣಿಸಿದರೆ ಆ ಗಡುವು ಸೆಪ್ಟೆಂಬರ್ 15, ಸೋಮವಾರ. ಅದು ನನಗೂ ಗೊತ್ತು, ಅಪ್ರೂವಲ್ ಫೈಲಿನ ಮೇಲೂ ಬರೆದಿತ್ತು. ಹಾಗಾಗಿ ಈ ತಾರೀಕನ್ನು ಸುಮ್ನೆ ಮುಂದೆ ಹಾಕುವ ಪ್ರಶ್ನೆಯೇ ಇಲ್ಲ.

ನಿಮ್ಮಿಂದ ಒಂದು ಸಹಾಯ ಬೇಕು. ಆಗಸ್ಟ್ ತಿಂಗಳ ಜಿಎಸ್‌ಟಿಆರ್-1 ಸಲ್ಲಿಸಲು ನಾಳೆ, 11ನೇ ತಾರೀಕು ಕೊನೆ ದಿನ. 0142 ಅದರಲ್ಲಿ ಸೇರಿದೆಯೇ ಅಂತ ನಿಮ್ಮ ಅಕೌಂಟೆಂಟ್ ಹತ್ತಿರ ಒಮ್ಮೆ ಕೇಳಿ. ಇದಕ್ಕೂ ಶುಕ್ರವಾರದ ಪೇಮೆಂಟ್‌ಗೂ ಗಂಟು ಹಾಕಿಲ್ಲ, ಹಣ ಹೇಗೂ ಬರುತ್ತದೆ. ಆದರೆ ನೀವು ತೋರಿಸದಿದ್ದರೆ 75,600ರ ಕ್ರೆಡಿಟ್ ನಮಗೆ ಈ ತಿಂಗಳು ಸಿಗುವುದಿಲ್ಲ.

ಹಣ ಬಂದ ಮೇಲೆ PAY/2526/0907 ನಂಬರ್ ಹಾಕಿ ಒಂದು ರಸೀದಿ ಕಳಿಸಿ.

ವಂದನೆಗಳೊಂದಿಗೆ,
ಸವಿತಾ
ಅಕೌಂಟ್ಸ್ ವಿಭಾಗ
10-09-2025